ವರ್ಷಕ್ಕ ನಾಕು ಸಿಗ್ತದಂತ ತಿಂಗಳಿಗಿ ಮೂರು ಬಡ್ಡಿ ಕಟ್ಟಬ್ಯಾಡ್ರಿ

ಈ ಸಲ ಎಳ್ಳಮಾವಾಸಿಗಿ ನಾವೆಲ್ಲಾ ಅಫಜಲಪುರ ಕಡಿ ನಮ್ಮ ಹೊಲಕ್ಕ ಹೋಗಿದ್ವಿ. ಚರಗ ಚೆಲ್ಲಿ, ಸಜ್ಜಿ ಕಡಬು ಭಜ್ಜಿ ಉಂಡು ಎಲ್ಲಾರೂ ನೆಳ್ಳಾಗ ಕುಂತಿದ್ರು. ಆಗ ನಮ್ಮ ಭಾವನವರು ಮಾತಿಗಿ ಮಾತು ಬಂದು ನಮ್ಮ ಸಣ್ಣ ಮೈದುನನ ಸುದ್ದಿ ತೆಗೆದ್ರು. "ಅವಾ ಅವಸರ ಮಾಡಿ ಪಿಂಚಣಿ ಮುಂಚೇನೇ ತಗೊಂಡು ಕೆಟ್ಟ. ನಾಕು ವರ್ಷ ತಡೆದಿದ್ರ ಪೂರಾ ಬರ್ತಿತ್ತು. ನಾಳಿ ಹೆಂಡತಿಗೂ ಕಡಿಮಿನೇ ಬರ್ತದ" ಅಂದ್ರು. ನನ್ನ ನೆಗೆಣ್ಣಿ ತಾಟು ತೊಳಿಯೂದು ಬಿಟ್ಟು ಹಂಗೇ ನಿಂತಳು. ಸಂಜಿಗಿ ಬಂಡಿ ಹತ್ತೂ ಮುಂದ ನನ್ನ ಕೈ ಹಿಡದು, "ಅಕ್ಕಾ, ನಾವು ಖರೇನೇ ತಪ್ಪು ಮಾಡೀವೇನು?" ಅಂತ ಕಣ್ಣೀರು ತೆಗೆದಳು.

ಹಿರಿಯರ ಮುಂದ ಎದುರಾಡೂದು ನನಗ ರೂಢಿ ಇಲ್ಲ. ಹಂಗಾಗಿ ಅವತ್ತು ಸುಮ್ಮನಿದ್ದೆ. ಆದ್ರ ಈ ಮಾತು ನಮ್ಮ ಒಂದು ಮನಿದಲ್ಲ. ಭೂಸನೂರ, ಹಾವಳಗಾ ಕಡಿ ಸಕ್ಕರಿ ಕಾರ್ಖಾನಿ ಕೆಲಸ ಮಾಡಿದವರು, ಕಲಬುರಗಿ ಬ್ಯಾಳಿ ಮಿಲ್ಲಿನ್ಯಾಗ ದುಡದವರು ನಮ್ಮ ಓಣ್ಯಾಗೂ ಇದ್ದಾರ, ನಿಮ್ಮ ಓಣ್ಯಾಗೂ ಇದ್ದಾರ. ಅವರ ಮನಿ ಹೆಣ್ಮಕ್ಕಳಿಗಿ ಎಲ್ಲಾರೂ ಹೇಳೂದು ಒಂದೇ ಮಾತು: ತಡೀರಿ, ತಾಳಿದವರು ಬಾಳ್ಯಾರು. ಈ ಮಾತು ಎಲ್ಲಾರಿಗೂ ಖರೇ ಅಲ್ಲ ಅಂತ ನಾ ಲೆಕ್ಕ ಹಾಕಿ ತೋರಸ್ತೀನಿ. ನಾ ಪಿ.ಯು.ಸಿ. ತನಕ ಓದಿದಾಕಿ, ದೊಡ್ಡ ಲೆಕ್ಕ ಬರೂದಿಲ್ಲ. ಆದ್ರ ಇದು ಹಾಲಿನ ಲೆಕ್ಕದಷ್ಟೇ ಸರಳ ಅದ.

ಮೊದಲು ಇದು ಯಾವ ಪಿಂಚಣಿ ಅಂತ ತಿಳಕೋರಿ. ಭಾವನವರದು ಸರ್ಕಾರಿ ಸಾಲಿ ಮಾಸ್ತರರ ಪಿಂಚಣಿ. ಅದಕ್ಕ ತುಟ್ಟಿಭತ್ಯೆ ಅದ, ಸಂತ್ಯಾಗ ಜ್ವಾಳದ ರೇಟು ಏರಿದಂಗ ಅವರ ಪಿಂಚಣಿನೂ ತುಸು ತುಸು ಏರ್ತದ. ಮೈದುನನದು ಪಿ.ಎಫ್. ಆಫೀಸಿನ ಪಿಂಚಣಿ. 1995ರ ನವೆಂಬರ್ 16ರಿಂದ ಸುರು ಆದ ಯೋಜನಾ, ಇ.ಪಿ.ಎಸ್. 95 ಅಂತಾರ. ಇದಕ್ಕ ತುಟ್ಟಿಭತ್ಯೆ ಇಲ್ಲ. ಸುರು ಆದ ದಿನ ಎಷ್ಟು ಬರೀತಾರೋ ಹತ್ತು ವರ್ಷದ ಮ್ಯಾಲೂ ಸಾಧಾರಣ ಅಷ್ಟೇ ಬರ್ತಿರ್ತದ. ಎರಡಕ್ಕೂ ಪಿಂಚಣಿ ಅಂತ ಒಂದೇ ಹೆಸರು, ಆದ್ರ ಒಂದರ ಬುದ್ಧಿವಾದ ಇನ್ನೊಂದಕ್ಕ ಹೊಂದೂದಿಲ್ಲ.

ಇದರ ಲೆಕ್ಕ ಹಿಂಗದ. ಕಡೇ 60 ತಿಂಗಳ ಪಿ.ಎಫ್. ಪಗಾರದ ಸರಾಸರಿ ತಗೊಂಡು, ಎಷ್ಟು ವರ್ಷ ಸರ್ವಿಸ್ ಆಗ್ಯದೋ ಅದರಿಂದ ಗುಣಿಸಿ, 70ರಿಂದ ಭಾಗಿಸಬೇಕು. ಪಗಾರ ಎಷ್ಟೇ ಇರಲಿ, ಸಾಧಾರಣವಾಗಿ 15,000ಕ್ಕಿಂತ ಹೆಚ್ಚು ಹಿಡಿಯೂದಿಲ್ಲ, 2014ರ ಸೆಪ್ಟೆಂಬರ್ 1ಕ್ಕಿಂತ ಮುಂಚಿನ ಸರ್ವಿಸಿಗಿ 6,500ಕ್ಕಿಂತ ಹೆಚ್ಚು ಹಿಡಿಯೂದಿಲ್ಲ. ಕಡಿಮಿ ಅಂದ್ರ ಹತ್ತು ವರ್ಷ ಸರ್ವಿಸ್ ಬೇಕು. ಪೂರಾ ಪಿಂಚಣಿ ಸಿಗೂದು 58 ತುಂಬಿದ ಮ್ಯಾಲ. ಕೆಲಸ ಬಿಟ್ಟಿದ್ದು, 50 ತುಂಬಿದ್ರ ಮುಂಚೆನೂ ಕೇಳಬಹುದು. ಆದ್ರ 58ಕ್ಕ ಎಷ್ಟು ವರ್ಷ ಕಡಿಮಿ ಬೀಳ್ತದೋ ಅಷ್ಟು ವರ್ಷಕ್ಕ, ವರ್ಷಕ್ಕ ನೂರಕ್ಕ ನಾಕರಂಗ ಕಡಿತಾರ. ಕಡಿದಿದ್ದು 58 ತುಂಬಿದ ಮ್ಯಾಲ ತಾನಾಗೇ ವಾಪಸ್ ಕೂಡೂದಿಲ್ಲ. ಸಾಯೂ ತನಕ ಹಂಗೇ ಇರ್ತದ. ಭಾವನವರು ಅಂಜೂದು ಇದಕ್ಕೇ, ಆ ಅಂಜಿಕಿ ಸುಳ್ಳಲ್ಲ.

ಈಗ ಮೈದುನನ ಲೆಕ್ಕಕ್ಕ ಬರ್ರಿ. ಅವಾ ಕಬ್ಬು ನುರಿಸೂ ಹಂಗಾಮಿನ ಕೆಲಸಗಾರ. 2004ರ ಹಂಗಾಮಿಗಿ ಸೇರಿ 2022ರ ಹಂಗಾಮು ಮುಗಿದ ಮ್ಯಾಲ ಮೊಣಕಾಲು ನೋವಿಗಿ ಬಿಟ್ಟ. ಆಗ 54 ವರ್ಷ. ವರ್ಷದಾಗ ಐದಾರು ತಿಂಗಳೇ ಕೆಲಸ ಇದ್ರೂ, ಹಂಗಾಮಿನ ಕೆಲಸಗಾರರಿಗಿ ಪಿಂಚಣಿ ಲೆಕ್ಕದಾಗ ಅದನ್ನ ಪೂರಾ ಒಂದು ವರ್ಷ ಅಂತ ಹಿಡೀತಾರ. ಇದು ಭಾಳ ಮಂದಿಗಿ ಗೊತ್ತಿಲ್ಲ, ಅರ್ಧ ವರ್ಷ ಅಂತ ತಾವೇ ಕಡಿಮಿ ಎಣಸ್ತಾರ. ಅವಂದು 18 ವರ್ಷ ಆಯಿತು. ಸರಾಸರಿ ಪಗಾರ 13,925. 2014ರ ತನಕದ ಹತ್ತು ವರ್ಷಕ್ಕ 6,500ರಂಗ 65,000, ಆಮ್ಯಾಲಿನ ಎಂಟು ವರ್ಷಕ್ಕ 13,925ರಂಗ 1,11,400. ಎರಡೂ ಕೂಡಿ 1,76,400. 70ರಿಂದ ಭಾಗಿಸಿದ್ರ 2,520. ಇದು 58ಕ್ಕ ಸಿಗೂ ಪೂರಾ ಪಿಂಚಣಿ.

54ಕ್ಕೇ ತಗೊಂಡ್ರ ನಾಕು ವರ್ಷ ಮುಂಚೆ, ನೂರಕ್ಕ ಸುಮಾರು 16 ಕಡಿತ. ಕೈಗಿ ಬರೂದು ಸುಮಾರು 2,100. ತಿಂಗಳಿಗಿ 420 ರೂಪಾಯಿ ಹೋಯ್ತು. ಭಾವನವರು ಇಲ್ಲಿಗೇ ಲೆಕ್ಕ ನಿಲ್ಲಸ್ತಾರ. ನಾ ಮುಂದ ಹೋಗ್ತೀನಿ.

54ರಿಂದ 58ರ ತನಕ 48 ತಿಂಗಳು. ತಿಂಗಳಿಗಿ 2,100ರಂಗ 1,00,800 ರೂಪಾಯಿ ಅವನ ಕೈಗಿ ಬಂತು. ತಡೆದವನಿಗಿ ಈ ನಾಕು ವರ್ಷ ಒಂದು ಪೈಸಾ ಇಲ್ಲ. 58ರ ಮ್ಯಾಲ ತಡೆದವನಿಗಿ ತಿಂಗಳಿಗಿ 420 ಹೆಚ್ಚು ಬರ್ತದ, ಖರೇ. ಹಂಗಾದ್ರ ಆ 1,00,800 ತುಂಬಲಿಕ್ಕ ಎಷ್ಟು ತಿಂಗಳು ಬೇಕು? 240 ತಿಂಗಳು. ಇಪ್ಪತ್ತು ವರ್ಷ. ಅಂದ್ರ ತಡೆದವಾ 78 ವರ್ಷ ದಾಟಿದ ಮ್ಯಾಲೇ ಲಾಭದಾಗ ಬರ್ತಾನ. ಅದೂ ಇವತ್ತಿನ ರೂಪಾಯಿ, ಇಪ್ಪತ್ತು ವರ್ಷದ ಮ್ಯಾಲಿನ ರೂಪಾಯಿ ಎರಡಕ್ಕೂ ಒಂದೇ ಕಿಮ್ಮತ್ತು ಅಂತ ಹಿಡದ್ರ. ಹಂಗಿಲ್ಲ ಅಂತ ಎಣ್ಣಿ ಡಬ್ಬಿ ತರೂ ನಮಗ ಯಾರೂ ಹೇಳಿಕೊಡಬೇಕಾಗಿಲ್ಲ. ತುಟ್ಟಿಭತ್ಯೆ ಇಲ್ಲದ ಪಿಂಚಣ್ಯಾಗ ಮೊದಲು ಬಂದ ರೂಪಾಯಿನೇ ದೊಡ್ಡ ರೂಪಾಯಿ.

ಇನ್ನ ಸಾಲದ ಮಾತು. ನಮ್ಮ ಮನ್ಯಾಗಿನ ಲೆಕ್ಕ ಯಾವಾಗೂ ಸಾಲದಿಂದೇ ಸುರು ಆಗ್ಬೇಕು. ಮೈದುನನ ಪಿ.ಎಫ್. ಗಂಟು ಮಗಳ ಲಗ್ನಕ್ಕ, ಮನಿ ಪತ್ರಾಸಿಗಿ ಮೊದಲೇ ಕರಗಿತ್ತು. ಮ್ಯಾಲ 42,000 ಕೈಸಾಲ, ನೂರಕ್ಕ ಮೂರರ ಬಡ್ಡಿ. ತಿಂಗಳಿಗಿ 1,260 ಬರೇ ಬಡ್ಡಿ. ವರ್ಷಕ್ಕ ನೂರಕ್ಕ 36. ಪಿ.ಎಫ್. ಆಫೀಸಿನವರು ತಡೆದವರಿಗಿ ಕೊಡೂದು ವರ್ಷಕ್ಕ ನೂರಕ್ಕ ನಾಕು. ನಾಕು ಸಿಗ್ತದಂತ ಮೂವತ್ತಾರು ಕಟ್ಟೂದಕ್ಕ ತಾಳ್ಮಿ ಅಂತಾರೇನ್ರಿ?

ಅವಾ 58ರ ತನಕ ತಡೆದಿದ್ರ ನಾಕು ವರ್ಷಕ್ಕ 60,480 ಬಡ್ಡಿ ಕಟ್ಟಬೇಕಿತ್ತು. ಅದನ್ನ ಕಟ್ಟಾಕಿ ಯಾರು? ಕಳಿ ತೆಗೀಲಿಕ್ಕ, ತೊಗರಿ ಕೊಯ್ಲಿಕ್ಕ ಕೂಲಿ ಹೋಗೂ ನನ್ನ ನೆಗೆಣ್ಣಿ. ಕಟ್ಟಿದ ಮ್ಯಾಲೂ 42,000 ಅಸಲು ಹಂಗೇ ನಿಂತಿರ್ತಿತ್ತು. ಆಮ್ಯಾಲ ತಿಂಗಳಿಗಿ 420 ಹೆಚ್ಚು ಬಂದ್ರ, ಬರೇ ಆ ಬಡ್ಡಿ ತುಂಬಲಿಕ್ಕೇ 12 ವರ್ಷ ಬೇಕು.

ಅವರು ಮಾಡಿದ್ದೇನು ಕೇಳ್ರಿ. 2,100 ಪಿಂಚಣಿ ಬಂದದ್ದು ಬಂದಂಗ ಪೂರಾ ಸಾಲಕ್ಕೇ ಹಾಕಿದ್ರು. ಮೊದಲ ತಿಂಗಳು 1,260 ಬಡ್ಡಿ, 840 ಅಸಲು. ಎರಡನೇ ತಿಂಗಳು ಅಸಲು 41,160 ಆಗಿ ಬಡ್ಡಿ ಸುಮಾರು 1,235ಕ್ಕ ಇಳೀತು, ಅಸಲಿಗಿ 865 ಹೋಯ್ತು. ಹಿಂಗ ತಿಂಗಳಾ ಬಡ್ಡಿ ಇಳೀತಾ ಅಸಲು ಕರಗ್ತಾ ಬಂದು, 31 ತಿಂಗಳಿಗಿ ಸಾಲ ಪೂರಾ ತೀರಿತು. ಸಾಲ ಕೊಟ್ಟವರ ಕಡಿಂದ ತಿಂಗಳಾ ವಹಿದಾಗ ಬರಸಿಕೊಂಡು ಸಹಿ ಮಾಡಸಿದಾಕಿ ನನ್ನ ನೆಗೆಣ್ಣಿ. ಈಗ ಅದೇ 2,100 ಆಕಿ ಮನಿ ಕಿರಾಣಿಗಿ ಬರ್ತದ. ಇದಕ್ಕ ಕೆಟ್ಟರು ಅಂತಾರೇನು?

ಆದ್ರ ಎಲ್ಲಾರೂ ಓಡಿ ಹೋಗಿ ಮುಂಚೆನೇ ತಗೋರಿ ಅಂತ ನಾ ಅನ್ನಂಗಿಲ್ಲ. ಒಂದು ಕಡಿ ಭಾವನವರ ಮಾತು ಪೂರಾ ಖರೇ ಅದ. ಕೈಕಾಲು ಗಟ್ಟಿ ಇದ್ದು, ಪಿ.ಎಫ್. ಕಟ್ಟೂ ಕೆಲಸ ಇದ್ದಾಗ, ಪಿಂಚಣಿ ಸಿಗ್ತದಂತ ಕೆಲಸ ಬಿಡೂದು ಹುಚ್ಚು. ಮೈದುನ ಇನ್ನೊಂದು ಹಂಗಾಮು ಮಾಡಿದ್ರ ಸರ್ವಿಸ್ ಒಂದು ವರ್ಷ ಬೆಳದು ಸುಮಾರು 200 ಕೂಡ್ತಿತ್ತು, ಕಡಿತನೂ ಒಂದು ವರ್ಷದ್ದು ತಪ್ಪತಿತ್ತು, ಮ್ಯಾಲ ಪಗಾರ ಬ್ಯಾರೆ. ದುಡಕೋತ ತಡಿಯೂದು ಬ್ಯಾರೆ, ಮನ್ಯಾಗ ಕುಂತು ತಡಿಯೂದು ಬ್ಯಾರೆ. ನಾ ಬೈಯೂದು ಮನ್ಯಾಗ ಕುಂತು, ಸಾಲ ಹೊತ್ತುಕೊಂಡು ತಡಿಯೂದಕ್ಕ. ಸಾಲ ಇಲ್ಲ, ಮಗ ದುಡೀತಾನ, ಮನಿ ನಡೀತದ ಅಂದ್ರ 58ರ ತನಕ ತಡೀರಿ, ನಷ್ಟ ದೊಡ್ಡದೇನಿಲ್ಲ.

58 ತುಂಬಿದ ಮ್ಯಾಲೂ ತಡಿರಿ ಅನ್ನಾವರು ಈಗ ಬಂದಾರ. 60ರ ತನಕ ತಡೆದ್ರ ವರ್ಷಕ್ಕ ನೂರಕ್ಕ ನಾಕು ಹೆಚ್ಚು ಕೊಡ್ತಾರ, ಅದು ಖರೇ. ಮೈದುನನಂಥವರಿಗೇ ಲೆಕ್ಕ ಹಾಕ್ರಿ. ಎರಡು ವರ್ಷ 2,520 ಬಿಟ್ರ 60,480 ಹೋಯ್ತು. ಸಿಗೂ ಹೆಚ್ಚಳ ತಿಂಗಳಿಗಿ ಸುಮಾರು 205. ಹೋದದ್ದು ತುಂಬಲಿಕ್ಕ ಹತ್ರಹತ್ರ 25 ವರ್ಷ ಬೇಕು, ಅಂದ್ರ 85 ವರ್ಷ ಆಗ್ಬೇಕು. ನಮ್ಮ ಕೂಲಿ ಮನಿ ಗಂಡಸರಿಗಿ ಈ ಮಾತು ಹೇಳಾವರು ತಮ್ಮ ಓಣ್ಯಾಗ 85 ದಾಟಿದ ಗಂಡಸರು ಎಷ್ಟು ಮಂದಿ ಇದ್ದಾರ ಎಣಿಸಿ ಬರ್ಲಿ. 58 ಆದ ಮ್ಯಾಲ ತಡೀಬ್ಯಾಡ್ರಿ.

ಇನ್ನ ನೆಗೆಣ್ಣಿ ಅತ್ತ ಮಾತಿಗಿ ಬರ್ತೀನಿ, "ನಾಳಿ ಹೆಂಡತಿಗೂ ಕಡಿಮಿ". ಪಿಂಚಣಿ ಸುರು ಆದ ಮ್ಯಾಲ ಗಂಡ ತೀರಿಕೊಂಡ್ರ ಹೆಂಡತಿಗಿ ಅವನ ಪಿಂಚಣಿದ ಅರ್ಧ ಬರ್ತದ, 1,000ಕ್ಕಿಂತ ಕಡಿಮಿ ಆಗಂಗಿಲ್ಲ. ಮೈದುನನ 2,100ಕ್ಕ ಅರ್ಧ 1,050. ತಡೆದಿದ್ರ 2,520ಕ್ಕ ಅರ್ಧ 1,260. ಆಕಿಗಿ ಹೋಗೂದು ತಿಂಗಳಿಗಿ 210. ಗಂಡಿಗಿಂತ ಹೆಣ್ಣು ಹೆಚ್ಚು ದಿನ ಬದುಕ್ತಾಳ, ಹಂಗಾಗಿ ಈ 210 ಆಕಿಗಿ ಖರೇ ನಷ್ಟ. ನಾ ಅದನ್ನ ಮುಚ್ಚಿಡಂಗಿಲ್ಲ. ಆದ್ರ ಆ 210ರ ಎದುರಿಗಿ 1,00,800 ಇಟ್ಟು ತೂಗಿ ನೋಡ್ರಿ. 210ರಂಗ ಅದು ಕೂಡಲಿಕ್ಕ 40 ವರ್ಷ ಬೇಕು.

ಹೆಣ್ಮಕ್ಕಳು ಅಂಜಬೇಕಾದದ್ದು ಬ್ಯಾರೆ ಕಡಿ ಅದ. ತಡೆದ 420 ತಿಂಗಳಾ ಬರ್ತದ, ಮುದುಕಿ ಆದ ಮ್ಯಾಲೂ ಅದರ ಪಾಲು ಆಕಿ ಖಾತಿಗೇ ಬೀಳ್ತದ. ಮುಂಚೆ ಬಂದ 1,00,800 ಯಾರ ಕೈಗಿ ಬೀಳ್ತದ? ಗಂಡಸರ ಖಾತಿಗಿ. ಅದು ಸಾಲಕ್ಕ ಹೋದ್ರ ಆಕಿ ಗೆದ್ದಳು. ಮೋಟಾರ್ ಸೈಕಲ್ಲಿಗಿ, ಜಾತ್ರಿಗಿ, ಧಾಬಾಕ್ಕ ಹೋದ್ರ ಆಕಿ ಎರಡೂ ಕಡಿ ಸೋತಳು. ಈಗಿಂದೂ ಹೋಯ್ತು, ಮುಪ್ಪಿಂದೂ ಕಡಿಮಿ ಆಯ್ತು. ಹಂಗಾಗಿ ಮುಂಚೆ ತಗೋಬೇಕೋ ಬ್ಯಾಡೋ ಅನ್ನೂದು ಬರೇ ವಯಸ್ಸಿನ ಪ್ರಶ್ನೆ ಅಲ್ಲ. ಆ ರೊಕ್ಕ ಎಲ್ಲಿಗಿ ಹೋಗ್ತದ ಅಂತ ಮೊದಲೇ ಗಂಡಹೆಂಡತಿ ಕುಂತು ಮಾತಾಡದಿದ್ರ ಮುಂಚೆ ತಗೋಬ್ಯಾಡ್ರಿ, ಇಷ್ಟು ಮಾತ್ರ ನಾ ಗಟ್ಟಿಯಾಗಿ ಹೇಳ್ತೀನಿ.

ಇನ್ನೊಂದು ಅಂಜಿಕಿ ಹಾಕ್ತಾರ: "ತಡಿಯೂದರಾಗ ತೀರಿ ಹೋದ್ರ ಎಲ್ಲಾ ಮುಳುಗ್ತದ." ಇದು ಸುಳ್ಳು. ಹತ್ತು ವರ್ಷ ಸರ್ವಿಸ್ ಆದವಾ ಕೆಲಸ ಬಿಟ್ಟು, 58 ಆಗೂಕಿಂತ ಮುಂಚೆ ತೀರಿಕೊಂಡ್ರೂ ಹೆಂಡತಿಗಿ ವಿಧವಾ ಪಿಂಚಣಿ ಬರ್ತದ. ಸಾವಿಗಿ ಅಂಜಿ ಮುಂಚೆ ತಗೋಬ್ಯಾಡ್ರಿ. ಬಡ್ಡಿಗಿ ಅಂಜಿ ತಗೋರಿ.

ಕಡೀಗಿ ಕಾಗದದ ಮಾತು. ಇಲ್ಲಿ ಆಗೂ ತಪ್ಪು ಹತ್ರಹತ್ರ ಕಡಿತದಷ್ಟೇ ದೊಡ್ಡದು. ಮೈದುನ ಮೊದಲ ನಾಕು ಹಂಗಾಮು ಗುತ್ತಿಗಿದಾರನ ಕೈಕೆಳಗ ಮಾಡಿದ್ದ. ಅದರ ಪಿ.ಎಫ್. ನಂಬರ್ ಬ್ಯಾರೆ ಇತ್ತು. ಎರಡೂ ಕೂಡಿಸಿರಲಿಲ್ಲ. ಹಂಗೇ ಅರ್ಜಿ ಹಾಕಿದ್ರ ಸರ್ವಿಸ್ 18ರ ಬದಲಿ 14 ವರ್ಷ ಹಿಡೀತಿದ್ರು, 2,520ರ ಬದಲಿ ಸುಮಾರು 2,150 ಆಗ್ತಿತ್ತು, ಅದರ ಮ್ಯಾಲ ಕಡಿತ. ನಾಕು ವರ್ಷ ತಡೆದು ಎಷ್ಟು ಉಳಸ್ತಿದ್ರೋ ಹತ್ರಹತ್ರ ಅಷ್ಟೇ ಒಂದು ನಂಬರಿನ್ಯಾಗ ಹೋಗ್ತಿತ್ತು. ನನ್ನ ನೆಗೆಣ್ಣಿ ಮಗಳು ಪಾಸ್‌ಬುಕ್ ತೆಗೆದು ನೋಡಿದಾಗ ಮೊದಲ ವರ್ಷಗಳೇ ಕಾಣಲಿಲ್ಲ, ಹಂಗಾಗಿ ಗೊತ್ತಾಯ್ತು. ಫಾರಂ 13 ಹಾಕಿ ಹಳೇ ನಂಬರ್ ಹೊಸದಕ್ಕ ಕೂಡಿಸಿದ ಮ್ಯಾಲೇ ಪಿಂಚಣಿ ಅರ್ಜಿ ಹಾಕಿದ್ರು.

ನೀವೂ ಮೊದಲು ಪಾಸ್‌ಬುಕ್ ನೋಡ್ರಿ. ಅದರಾಗ ಪಿಂಚಣಿದು ಬ್ಯಾರೆ ಕಾಲಂ ಇರ್ತದ. ಯಾವ ಯಾವ ವರ್ಷ ಅದರಾಗ ರೊಕ್ಕ ಬಿದ್ದದ, ಯಾವ ವರ್ಷ ಖಾಲಿ ಅದ ಅಂತ ಬೆರಳಿಟ್ಟು ಎಣಿಸ್ರಿ. ಕೆಲಸ ಬಿಟ್ಟ ದಿನ ಬರದಾರೇನು ನೋಡ್ರಿ. ಆಧಾರದಾಗಿನ ಹುಟ್ಟಿದ ತಾರೀಖು, ಹೆಸರು ಪಿ.ಎಫ್. ಕಾಗದದ ಕೂಡ ಹೊಂದ್ತಾವೇನು ನೋಡ್ರಿ. ಹುಟ್ಟಿದ ತಾರೀಖು ಒಂದು ವರ್ಷ ಹೆಚ್ಚುಕಡಿಮಿ ಇದ್ರ ಕಡಿತನೂ ಒಂದು ವರ್ಷದ್ದು ಹೆಚ್ಚುಕಡಿಮಿ ಆಗ್ತದ. ಪಿಂಚಣಿಗಿ ಹಾಕೂ ಅರ್ಜಿ ಫಾರಂ 10ಡಿ. ಮುಂಚೆ ತಗೊಳ್ಳಾವರು ಯಾವ ತಾರೀಖಿನಿಂದ ಕಡಿತದ ಪಿಂಚಣಿ ಬೇಕು ಅಂತ ಅದರಾಗೇ ಬರೀಬೇಕು. ಅದರಾಗ ಹೆಂಡತಿ ಹೆಸರು, ಮಕ್ಕಳ ಹೆಸರು ಬರೀಬೇಕು. ನಿಮ್ಮ ಹೆಸರು ಆಧಾರದಾಗ ಇದ್ದಂಗೇ ಬಂದದೇನು ನೀವೇ ಓದಿ ನೋಡ್ರಿ. ನಾಳಿ ಅರ್ಧ ಪಿಂಚಣಿ ಕೇಳಲಿಕ್ಕ ಹೋದಾಗ ಆ ಹೆಸರೇ ನಿಮ್ಮ ಆಸರ. ಆಳಂದದಿಂದಾಗಲಿ, ಜೇವರ್ಗಿಯಿಂದಾಗಲಿ ಕಲಬುರಗಿ ಪಿ.ಎಫ್. ಆಫೀಸಿಗಿ ಹೋಗೂದಿದ್ರ ಗಂಡಸರನ್ನ ಒಬ್ಬರನ್ನೇ ಕಳಸಬ್ಯಾಡ್ರಿ, ಜೋಡಿ ಹೋಗ್ರಿ. ಬಸ್ಸಿನ ಚಿಂತಿ ಈಗ ಇಲ್ಲ.

ಭಾವನವರಿಗಿ ನಾ ಗೌರವ ಕೊಡ್ತೀನಿ. ಅವರ ಪಿಂಚಣಿ ಬೆಳೀತದ, ಅವರು ಸಾಲ ಇಲ್ಲದ ಮನ್ಯಾಗ ಕುಂತು ಮಾತಾಡ್ತಾರ. ಆ ಮನಿ ಲೆಕ್ಕ ನನ್ನ ನೆಗೆಣ್ಣಿ ಮನಿಗಿ ಹಾಕಬಾರದು, ಇಷ್ಟೇ ನಂದು. ಆಕಿಗಿ ನಾ ಫೋನಿನ್ಯಾಗ ಈ ಲೆಕ್ಕ ಎಲ್ಲಾ ಓದಿ ಹೇಳಿದೆ. ಕೇಳಿ ಒಂದು ಗಳಿಗಿ ಸುಮ್ಮನಿದ್ದಳು. ಆಮ್ಯಾಲ, "ಅಕ್ಕಾ, ಆ ವಹಿ ಇನ್ನೂ ನನ್ನ ಪೆಟ್ಟಿಗ್ಯಾಗ ಅದ. ಕಡೇ ಸಹಿ ಆದ ದಿನ ನಾ ಅದಕ್ಕ ಅರಿಶಿಣ ಕುಂಕುಮ ಹಚ್ಚೀನಿ" ಅಂದಳು. ಮುಂದಿನ ಎಳ್ಳಮಾವಾಸಿಗಿ ಆ ವಹಿ ಹೊಲಕ್ಕ ತಗೊಂಡು ಬಾ ಅಂತ ಹೇಳೀನಿ. ಭಾವನವರೂ ಓದ್ಲಿ.